ಶಿಕ್ಷೆ ಇರೋದು ಮುಯ್ಯಿ ತೀರಿಸೋಕಲ್ಲ, ಮುಂದಿನ ಕೈ ತಡೆಯೋಕೆ

(ಚರ್ಚಾಕೂಟದಲ್ಲಿ ನಾವು ಮಂಡಿಸಿದ ವಾದದ ಬರಹರೂಪ)



ಚರ್ಚೆಯ ವಿಷಯ ಗೊತ್ತಾದ ದಿನವೇ ನಮ್ಮೋರು ಕೆಲವರು ನಮ್ಮನ್ನ ತಡೆದು ಕೇಳಿದರು. 'ಏನ್ರಪ್ಪಾ, ಕೇರಿಗೆ ಬೆಂಕಿ ಹಚ್ಚಿದೋನಿಗೆ ತಕ್ಕ ಶಾಸ್ತಿ ಆಗಬಾರದು ಅಂತ ವಾದ ಮಾಡ್ತೀರಂತೆ?' ಅಂದರು. ಅದಕ್ಕೆ ಮೊದಲೇ ಒಂದು ಮಾತು ಹೇಳಿಬಿಡ್ತೀವಿ. ಬೆಂಕಿ ಹಚ್ಚಿದೋನಿಗೆ ಶಿಕ್ಷೆ ಆಗಲೇಬೇಕು. ಅದರಲ್ಲಿ ಈ ಕಡೆ ಕೂತೋರಿಗೂ ಆ ಕಡೆ ಕೂತೋರಿಗೂ ಜಗಳ ಇಲ್ಲ. ಜಗಳ ಇರೋದು 'ಯಾಕೆ' ಅನ್ನೋ ಪ್ರಶ್ನೆಯಲ್ಲಿ. ಒಬ್ಬ ಮನುಷ್ಯನನ್ನ ಹಿಡಿದು ಜೈಲಿಗೆ ಹಾಕೋ ಹಕ್ಕು ಸರ್ಕಾರಕ್ಕೆ ಎಲ್ಲಿಂದ ಬಂತು? ಅವನು ಮಾಡಿದ್ದಕ್ಕೆ ಮುಯ್ಯಿ ತೀರಿಸೋದಕ್ಕೆ ಬಂತೋ, ಅವನೂ ಅವನಂಥೋರೂ ಮುಂದೆ ಮಾಡದ ಹಾಗೆ ತಡೆಯೋದಕ್ಕೆ ಬಂತೋ? ತಡೆಯೋದಕ್ಕೆ ಅನ್ನೋದು ನಮ್ಮ ಪಕ್ಷ.

ಎದುರು ಪಕ್ಷದೋರ ವಾದ ಹಗುರವಾದದ್ದಲ್ಲ. ಅದರ ದೊಡ್ಡ ಗುರು ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್. 1797ರಲ್ಲಿ ಅವನು ಒಂದು ಉದಾಹರಣೆ ಕೊಟ್ಟ. ಒಂದು ದ್ವೀಪದ ಜನರೆಲ್ಲ ಸೇರಿ ತಮ್ಮ ಸಮಾಜವನ್ನೇ ಮುರಿದು ಜಗತ್ತಿನ ದಿಕ್ಕುದಿಕ್ಕಿಗೆ ಹೊರಟುಹೋಗೋಣ ಅಂತ ತೀರ್ಮಾನ ಮಾಡಿದರು ಅನ್ನಿ. ಹಾಗೆ ಹೊರಡೋ ಮೊದಲು ಸೆರೆಮನೆಯಲ್ಲಿ ಉಳಿದ ಕಟ್ಟಕಡೆಯ ಕೊಲೆಗಾರನನ್ನೂ ಕೊಂದೇ ಹೊರಡಬೇಕು ಅಂದ ಕಾಂಟ್. ಅದರಿಂದ ಯಾರಿಗೂ ಮುಂದೆ ಉಪಯೋಗವಿಲ್ಲ, ದ್ವೀಪದಲ್ಲಿ ಯಾರೂ ಉಳಿಯೋದಿಲ್ಲ. ಆದರೂ ಕೊಲ್ಲಬೇಕು, ಯಾಕೆಂದರೆ ಅವನು ಅದಕ್ಕೆ ಅರ್ಹ. ಒಬ್ಬನನ್ನ ಇನ್ನೊಬ್ಬರಿಗೆ ಪಾಠ ಕಲಿಸೋ ಸಾಧನ ಮಾಡಿಕೊಳ್ಳೋದು ಮನುಷ್ಯನಿಗೆ ಮಾಡೋ ಅವಮಾನ, ಮಾಡಿದ್ದಕ್ಕೆ ತಕ್ಕಷ್ಟು ಕೊಡೋದೇ ಅವನನ್ನ ಮನುಷ್ಯ ಅಂತ ಒಪ್ಪಿಕೊಂಡ ಹಾಗೆ ಅನ್ನೋದು ಅವನ ನಿಲುವು.

ನಮ್ಮ ಭಾಷೆಯಲ್ಲಿ ಇದನ್ನ ಒಂದೇ ಮಾತಲ್ಲಿ ಹೇಳ್ತಾರೆ: ಮಾಡಿದ್ದುಣ್ಣೋ ಮಹರಾಯ.

ಬಂಧುಗಳೇ, ಈ ಮಾತು ನಮ್ಮ ಕಿವಿಗೆ ಹೊಸದಲ್ಲ. 'ಹೋದ ಜನ್ಮದಲ್ಲಿ ಮಾಡಿದ್ದನ್ನ ಈ ಜನ್ಮದಲ್ಲಿ ಉಣ್ಣುತ್ತಿದ್ದೀರಿ' ಅಂತ ನಮ್ಮ ಅಜ್ಜಂದಿರಿಗೆ ಹೇಳಿದ್ದು ಇದೇ ಮಾತನ್ನ. ಸೇದೋ ಬಾವಿ ಮುಟ್ಟಬೇಡ, ಯಾಕೆಂದರೆ ನೀನು ಅದಕ್ಕೇ ಅರ್ಹ. ಊರಾಚೆ ಇರು, ಯಾಕೆಂದರೆ ನಿನಗೆ ತಕ್ಕದ್ದು ಅದೇ. ಕಾಂಟ್ ಇದನ್ನ ಒಪ್ಪುತ್ತಿದ್ದ ಅಂತ ನಾವು ಹೇಳ್ತಾ ಇಲ್ಲ, ಅವನಿಗೆ ಅನ್ಯಾಯ ಮಾಡೋದು ಬೇಡ. ನಾವು ಹೇಳೋದಿಷ್ಟೇ. 'ತಕ್ಕದ್ದು' ಅನ್ನೋ ಮಾತಿಗೆ ಒಂದು ಗುಣ ಇದೆ. ಅದರಿಂದ ಯಾರಿಗೆ ಏನು ಒಳ್ಳೇದಾಯ್ತು ಅಂತ ಅದು ತೋರಿಸಬೇಕಾಗಿಲ್ಲ. ಹಿಂದಕ್ಕೆ ಕೈ ಮಾಡಿ ತೋರಿಸಿದರೆ ಸಾಕು. ಅಂಥ ಮಾತು ಯಾರ ಕೈಯಲ್ಲಿ ತಕ್ಕಡಿ ಇದೆಯೋ ಅವರ ಮಾತಾಗಿಬಿಡುತ್ತೆ.

ತಕ್ಕಡಿ ಹೇಗಿತ್ತು ಅಂತ ನೋಡಬೇಕಾದರೆ ಮನುಸ್ಮೃತಿಯ ಎಂಟನೇ ಅಧ್ಯಾಯ ತೆಗೆಯಿರಿ. ಬ್ರಾಹ್ಮಣನನ್ನ ಬೈದ ಕ್ಷತ್ರಿಯನಿಗೆ 100 ಪಣ ದಂಡ. ಅದೇ ಬೈಗುಳ ಶೂದ್ರ ಬೈದರೆ ದೇಹದಂಡನೆ. ಬ್ರಾಹ್ಮಣ ಶೂದ್ರನನ್ನ ಬೈದರೆ 12 ಪಣ. ಒಂದೇ ತಪ್ಪು, ತೂಕ ಮಾತ್ರ ಹುಟ್ಟಿನದು. ಎದುರು ಪಕ್ಷದೋರು ಎದ್ದು, 'ಅದೇ ಅಧ್ಯಾಯದಲ್ಲಿ ಕಳ್ಳತನಕ್ಕೆ ಬ್ರಾಹ್ಮಣನಿಗೇ ಹೆಚ್ಚು ದಂಡ ಹೇಳಿದೆಯಲ್ಲ' ಅಂತ ಕೇಳಬಹುದು. ಹೌದು, ಹೇಳಿದೆ. ಅಲ್ಲೂ ಅಳತೆಗೋಲು ಹುಟ್ಟೇ. ತಪ್ಪಿಗೆ ತಕ್ಕಷ್ಟು ಅನ್ನೋದು ಕೇಳೋಕೆ ಗಣಿತದ ಹಾಗಿದೆ. ಆದರೆ ಎಷ್ಟು ಬೈಗುಳಕ್ಕೆ ಎಷ್ಟು ದಿನ ಜೈಲು ಅಂತ ಯಾವ ಗಣಿತವೂ ಹೇಳೋದಿಲ್ಲ. ಅದನ್ನ ಹೇಳೋದು ಆ ಕಾಲದ ದೊಡ್ಡೋರ ಮನಸ್ಸು.

ತಡೆ ಅನ್ನೋ ವಾದಕ್ಕೆ ಹಾಗಲ್ಲ, ಪರೀಕ್ಷೆ ಉಂಟು. ಈ ಶಿಕ್ಷೆ ಕೊಟ್ಟಿದ್ದರಿಂದ ಮುಂದಿನ ಮನೆ ಉಳಿಯಿತಾ ಅಂತ ಕೇಳಬಹುದು. ಉಳಿಯಲಿಲ್ಲ ಅಂದರೆ ಎಲ್ಲಿ ಸೋರಿತು ಅಂತ ಹುಡುಕಬಹುದು. ಅದಕ್ಕೇ ನಾವು ಆ ಪಕ್ಷ.

ಇನ್ನು ಕಣ್ಣೆದುರಿನ ವಿಷಯಕ್ಕೆ ಬರೋಣ.

2000ನೇ ಇಸವಿ ಮಾರ್ಚ್ 11. ಆಗಿನ ಕೋಲಾರ ಜಿಲ್ಲೆ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿ. ಏಳು ಜನ ದಲಿತರನ್ನ ಸುಟ್ಟು ಕೊಂದರು. ನಾಡೆಲ್ಲ ಅತ್ತಿತು, ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು. ವಿಚಾರಣೆಗೆ ಬಂದಾಗ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆ ಆದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ, ಹದಿನಾಲ್ಕು ವರ್ಷ, ಕೊನೆಗೆ ಶಿಕ್ಷೆ ಸೊನ್ನೆ.

ಈಗ ಎದುರು ಪಕ್ಷದೋರನ್ನ ಕೇಳ್ತೀವಿ. ಆ ಏಳು ಜೀವಕ್ಕೆ 'ತಕ್ಕ' ಶಿಕ್ಷೆ ಯಾವುದು? ನೇಣು ಅಂತೀರಾ? ಸರಿ. ನೇಣಿನ ಕಾನೂನು ಆವತ್ತೂ ಪುಸ್ತಕದಲ್ಲಿ ಇತ್ತಲ್ಲ, ಕೊಲೆಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ? ಪುಸ್ತಕದಲ್ಲಿ ಶಿಕ್ಷೆ ಕಡಿಮೆ ಇದ್ದದ್ದರಿಂದ ಕಂಬಾಲಪಲ್ಲಿ ಆಗಲಿಲ್ಲ. ಪುಸ್ತಕದಲ್ಲಿರೋದು ನಮ್ಮ ತಲೆ ಮೇಲೆ ಬೀಳೋದಿಲ್ಲ ಅನ್ನೋ ಧೈರ್ಯದಿಂದ ಇಂಥದ್ದು ಆಗುತ್ತೆ.

ಇದನ್ನ ಮೊದಲು ಬಿಡಿಸಿ ಹೇಳಿದೋನು ಇಟಲಿಯ ಮಿಲಾನಿನ ಚೆಸಾರೆ ಬೆಕ್ಕಾರಿಯಾ, 1764ರಲ್ಲಿ. ಅಪರಾಧ ಮಾಡೋನ ಕೈ ಹಿಡಿಯೋದು ಶಿಕ್ಷೆಯ ಕ್ರೌರ್ಯ ಅಲ್ಲ, ಅದು ತಪ್ಪದೆ ಬರುತ್ತೆ ಅನ್ನೋ ಖಾತ್ರಿ ಮತ್ತು ಬೇಗ ಬರುತ್ತೆ ಅನ್ನೋ ಅರಿವು ಅಂತ ಅವನು ವಾದಿಸಿದ. ಇನ್ನೂರೈವತ್ತು ವರ್ಷ ಕಳೆದ ಮೇಲೆ 2013ರಲ್ಲಿ ಡೇನಿಯಲ್ ನೇಗಿನ್ ಅನ್ನೋ ಅಮೆರಿಕದ ಅಪರಾಧಶಾಸ್ತ್ರಜ್ಞ ಅಲ್ಲಿತನಕದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ ಹೆಚ್ಚುಕಡಿಮೆ ಅದೇ ಮಾತಿಗೆ ಬಂದ. ಸಿಕ್ಕಿಬೀಳ್ತೀನಿ ಅನ್ನೋ ಭಯ ತಡೆಯುತ್ತೆ. ಆಗಲೇ ಉದ್ದ ಇರೋ ಶಿಕ್ಷೆಗೆ ಇನ್ನಷ್ಟು ವರ್ಷ ಸೇರಿಸಿದರೆ ಅದರಿಂದ ಹೆಚ್ಚು ತಡೆ ಆಗೋದಿಲ್ಲ.

ಲೆಕ್ಕ ಹಾಕಿ ನೋಡೋಣ. ಇದು ನಿಜದ ಅಂಕಿಯಲ್ಲ, ತಿಳಿಯೋಕೆ ಅಂತ ನಾವೇ ಹಾಕಿಕೊಂಡ ಲೆಕ್ಕ. ಒಂದು ತಾಲೂಕಲ್ಲಿ 100 ದೌರ್ಜನ್ಯ ನಡೆದವು ಅನ್ನಿ. ಹೆದರಿಕೆಗೋ, ಕೂಲಿ ತಪ್ಪುತ್ತೆ ಅಂತಲೋ ಅರ್ಧ ಜನ ಠಾಣೆ ಮೆಟ್ಟಿಲು ಹತ್ತೋದಿಲ್ಲ. ಉಳಿದದ್ದು 50. ಅದರಲ್ಲಿ ಹತ್ತನ್ನ ಠಾಣೆಯಲ್ಲೇ ರಾಜಿ ಮಾಡಿಸಿ ಕಳಿಸ್ತಾರೆ, 40 ಎಫ್‌ಐಆರ್ ಆಗುತ್ತೆ. ಚಾರ್ಜ್‌ಶೀಟ್ ಹೊತ್ತಿಗೆ 30. ಸಾಕ್ಷಿಗಳು ತಿರುಗಿಬಿದ್ದು ಕೊನೆಗೆ ಶಿಕ್ಷೆ ಆಗೋದು 10ರಲ್ಲಿ. ಈಗ ನಾವು ಮೆರವಣಿಗೆ ಮಾಡಿ ಐದು ವರ್ಷದ ಶಿಕ್ಷೆಯನ್ನ ಹತ್ತು ವರ್ಷ ಮಾಡಿಸಿದೆವು ಅನ್ನಿ. ಯಾರಿಗೆ ಬದಲಾಯ್ತು? ಸಿಕ್ಕಿಬಿದ್ದ ಆ ಹತ್ತು ಜನಕ್ಕೆ ಮಾತ್ರ. ತಪ್ಪಿಸಿಕೊಂಡ ತೊಂಬತ್ತರ ಪಾಲಿಗೆ ಸೊನ್ನೆ ಇದ್ದದ್ದು ಸೊನ್ನೆಯೇ. ಶಿಕ್ಷೆಯನ್ನ ಐದೇ ವರ್ಷಕ್ಕೆ ಬಿಟ್ಟು, ಸಾಕ್ಷಿಗಳನ್ನ ಕಾಪಾಡಿ ಹತ್ತನ್ನ ಇಪ್ಪತ್ತು ಮಾಡಿದರೆ, ಊರಿನ ಪ್ರತಿಯೊಬ್ಬ ಗೌಡನ ಲೆಕ್ಕವೂ ಬದಲಾಗುತ್ತೆ.

ಶಿಕ್ಷೆ ಅತಿಯಾದರೆ ಇನ್ನೊಂದು ಕೆಡುಕೂ ಇದೆ, ಖಾತ್ರಿಯೇ ಕೆಡುತ್ತೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ವಾಸದ ಮನೆಯಿಂದ 40 ಶಿಲ್ಲಿಂಗ್ ಬೆಲೆಯ ಮಾಲು ಕದ್ದರೆ ನೇಣು. ಕದ್ದ ಮಾಲಿನ ಬೆಲೆ ಕಟ್ಟೋರು ಪಂಚರು, ಅಂದರೆ ಜ್ಯೂರಿ. ಒಂದು ಬಟ್ಟೆಗಂಟಿಗೆ ಒಂದು ಪ್ರಾಣ ತೆಗೆಯೋಕೆ ಅವರಿಗೆ ಮನಸ್ಸು ಬರಲಿಲ್ಲ. ಕಣ್ಣೆದುರಿನ ಮಾಲು ಎಷ್ಟೇ ಬೆಲೆಯದಾಗಿರಲಿ, 39 ಶಿಲ್ಲಿಂಗ್ ಅಂತ ಬರೆದರು. ಕಾನೂನು ಬಿಗಿ ಮಾಡಿದಷ್ಟೂ ಜನ ಅದರ ಪಕ್ಕದಲ್ಲಿ ಕಿಂಡಿ ಕೊರೆದರು. 1808ರಲ್ಲಿ ಸ್ಯಾಮ್ಯುಯೆಲ್ ರೋಮಿಲಿ ಜೇಬುಗಳ್ಳತನದ ನೇಣನ್ನ ತೆಗೆಸಿದಾಗ ಅವನ ವಾದದ ತಿರುಳೂ ಇದೇ: ನೇಣು ಇದ್ದದ್ದಕ್ಕೇ ಶಿಕ್ಷೆ ಆಗ್ತಾ ಇರಲಿಲ್ಲ.

'ಅದೆಲ್ಲ ಜೇಬುಗಳ್ಳನಿಗೆ ಸರಿ, ಜಾತಿ ಸಿಟ್ಟಲ್ಲಿ ಕುದಿಯೋ ಗುಂಪು ಲೆಕ್ಕ ಹಾಕುತ್ತಾ?' ಅಂತ ಕೇಳ್ತೀರಿ. ಹಾಕುತ್ತೆ ಸ್ವಾಮಿ, ಚೆನ್ನಾಗಿ ಹಾಕುತ್ತೆ. ನಮ್ಮ ಹಳ್ಳಿಗಳಲ್ಲಿ ಇದು ಹೇಗೆ ಬೆಳೆಯುತ್ತೆ ನೋಡಿ. ಮೊದಲು ಹೋಟೆಲಲ್ಲಿ ಟೀ ನಿಲ್ಲುತ್ತೆ. ಆಮೇಲೆ ಕ್ಷೌರ ನಿಲ್ಲುತ್ತೆ. ಕೂಲಿಗೆ ಕರೆಯೋದು ನಿಲ್ಲುತ್ತೆ. ಡಂಗುರ ಸಾರಿ ದಂಡ ಹಾಕ್ತಾರೆ. ಒಂದೊಂದು ಹೆಜ್ಜೆ ಇಟ್ಟು ಠಾಣೆ ಕಡೆ ತಿರುಗಿ ನೋಡ್ತಾರೆ. ಅಲ್ಲಿಂದ ಸದ್ದು ಬರದಿದ್ದರೆ ಮುಂದಿನ ಹೆಜ್ಜೆ. ಕೇರಿ ಮೇಲೆ ಬೀಳೋ ರಾತ್ರಿ ಬರೋ ಹೊತ್ತಿಗೆ ಅವರು ನಾಲ್ಕೈದು ಸಲ ಪರೀಕ್ಷೆ ಮಾಡಿ ಆಗಿರುತ್ತೆ. ಗುಂಪಲ್ಲಿ ಹೋಗೋದೂ ಲೆಕ್ಕವೇ: ಇಷ್ಟು ಜನದಲ್ಲಿ ನನ್ನನ್ನ ಯಾರು ಗುರುತು ಹೇಳ್ತಾರೆ, ಹೇಳಿದರೂ ಕೋರ್ಟಲ್ಲಿ ನಿಲ್ತಾರಾ ಅನ್ನೋ ಲೆಕ್ಕ. ಸಿಟ್ಟಿಗೆ ಕಣ್ಣಿಲ್ಲ ಅನ್ನೋದು ಸುಳ್ಳು. ಆ ಸಿಟ್ಟು ತನಗಿಂತ ಬಲವಾದೋನ ಮನೆಗೆ ಯಾವತ್ತೂ ಬೆಂಕಿ ಹಚ್ಚೋದಿಲ್ಲ.

ಕಂಬಾಲಪಲ್ಲಿ ಖುಲಾಸೆಯನ್ನ ಹೈಕೋರ್ಟು ಎತ್ತಿಹಿಡಿದ ಅದೇ 2014ರ ಆಗಸ್ಟ್ 28ರಂದು ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತ ಕೇರಿ ಮೇಲೆ ಗುಂಪು ಬಿತ್ತು, ಗುಡಿಸಲುಗಳಿಗೆ ಬೆಂಕಿ ಇಟ್ಟರು. ಇಲ್ಲಿ ಕತೆ ಬೇರೆ ಆಯ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ, ಇನ್ನು ಮೂರು ಜನಕ್ಕೆ ಐದು ವರ್ಷ ಶಿಕ್ಷೆ ಕೊಟ್ಟಿತು. ಆ ದಿನ ನಾವೂ ಸಂತೋಷಪಟ್ಟೆವು, ಸುಳ್ಳು ಹೇಳೋದಿಲ್ಲ. ಆದರೆ ತಡೆಯ ಕಣ್ಣಿಂದ ನೋಡಿದರೆ ಆ ತೀರ್ಪಿನಲ್ಲಿ ಎರಡು ಸುದ್ದಿ ಇವೆ. ಒಳ್ಳೆ ಸುದ್ದಿ ಅಂದರೆ, ಗುಂಪಲ್ಲಿ ಹೋದರೆ ಯಾರೂ ಸಿಕ್ಕಿಬೀಳೋದಿಲ್ಲ ಅನ್ನೋ ಹಳೇ ನಂಬಿಕೆಗೆ ಪೆಟ್ಟು ಬಿತ್ತು. 'ಜೀವಾವಧಿ' ಅನ್ನೋ ಮಾತಿಗಿಂತ '98' ಅನ್ನೋ ಅಂಕಿ ಸುತ್ತಲ ಹಳ್ಳಿಗಳಿಗೆ ಹೆಚ್ಚು ಕೇಳಿಸಿದೆ. ಕೆಟ್ಟ ಸುದ್ದಿ ಅಂದರೆ, ಅದಕ್ಕೆ ಹತ್ತು ವರ್ಷ ಬೇಕಾಯ್ತು. ಆ ಬೆಂಕಿಯ ವರ್ಷ ಒಂದನೇ ಕ್ಲಾಸಿಗೆ ಸೇರಿದ ಹುಡುಗ ತೀರ್ಪಿನ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಆರೋಪಿಗಳಲ್ಲೇ ಹಲವರು ಅಷ್ಟರಲ್ಲಿ ಸತ್ತುಹೋಗಿದ್ದರು. ತೀರ್ಪಾದ ಮುಂದಿನ ತಿಂಗಳೇ ಶಿಕ್ಷೆಯಾದ ಬಹುಪಾಲು ಜನಕ್ಕೆ ಹೈಕೋರ್ಟಿಂದ ಜಾಮೀನೂ ಸಿಕ್ಕಿತು. ಮುಯ್ಯಿಯ ಲೆಕ್ಕದಲ್ಲಿ ಹತ್ತು ವರ್ಷ ತಡವಾದರೂ ಸಾಲ ತೀರಿದ ಹಾಗೇ. ತಡೆಯ ಲೆಕ್ಕದಲ್ಲಿ ಆ ಹತ್ತು ವರ್ಷವೂ ಊರಿಗೆ 'ಏನೂ ಆಗಲಿಲ್ಲ' ಅಂತ ಪಾಠ ಹೇಳಿಕೊಟ್ಟ ವರ್ಷಗಳೇ.

ಗೆಳೆಯರೇ, 1989ರ ಕಾಯ್ದೆಯ ಹೆಸರನ್ನ ಒಂದು ಸಲ ನಿಧಾನವಾಗಿ ಓದಿ. ದೌರ್ಜನ್ಯ ತಡೆ ಕಾಯ್ದೆ. ಮುಯ್ಯಿ ಕಾಯ್ದೆ ಅಂತ ಹೆಸರಿಟ್ಟಿಲ್ಲ. ಅದರ ನಾಲ್ಕನೇ ಕಲಂ ನೋಡಿ. ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದ ಸರ್ಕಾರಿ ನೌಕರ ಬೇಕಂತಲೇ ಕರ್ತವ್ಯ ಬಿಟ್ಟರೆ ಆರು ತಿಂಗಳಿಂದ ಒಂದು ವರ್ಷ ಜೈಲು. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ ಆ ಕರ್ತವ್ಯ ಏನೇನು ಅಂತ ಬಿಡಿಸಿ ಬರೆದಿದೆ. ಬಾಯಲ್ಲಿ ಹೇಳಿದ ದೂರನ್ನ ಬರೆದುಕೊಂಡು, ಸಹಿ ಹಾಕಿಸೋ ಮೊದಲು ಓದಿ ಹೇಳಬೇಕು. ಎಫ್‌ಐಆರ್ ದಾಖಲು ಮಾಡಬೇಕು. ಅದರ ನಕಲು ಕೈಗೆ ಕೊಡಬೇಕು. 60 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ಚಾರ್ಜ್‌ಶೀಟ್ ಬಂದ ಮೇಲೆ ಆದಷ್ಟೂ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಅಂತ ಬೇರೆ ಕಲಮಿನಲ್ಲಿದೆ. ಸಾಕ್ಷಿಗಳ ರಕ್ಷಣೆ, ಪ್ರಯಾಣದ ಖರ್ಚು, ಬೇಕಾದರೆ ಬೇರೆ ಕಡೆ ವಸತಿ, ಎಲ್ಲಾ 15ಎ ಕಲಮಿನಲ್ಲಿದೆ.

ಈಗ ಮುಯ್ಯಿಯ ತಕ್ಕಡಿಯಲ್ಲಿ ಆ ಸಬ್ ಇನ್ಸ್‌ಪೆಕ್ಟರನ್ನ ತೂಗಿ ನೋಡಿ. ಅವನು ಕೊಂದಿಲ್ಲ, ಬೆಂಕಿ ಹಚ್ಚಿಲ್ಲ, 'ನಾಳೆ ಬಾ' ಅಂದ ಅಷ್ಟೇ. ಆ ತಕ್ಕಡಿಯಲ್ಲಿ ಅವನ ತೂಕ ಒಂದು ಹಿಡಿ ಹೊಟ್ಟು. ತಡೆಯ ಲೆಕ್ಕದಲ್ಲಿ ಮಾತ್ರ ಅವನು ಬಾಗಿಲಿನ ಅಗುಳಿ. ಅವನ 'ನಾಳೆ ಬಾ' ಕೇಳಿಸಿಕೊಂಡೇ ಊರು ಮುಂದಿನ ಹೆಜ್ಜೆ ಇಡೋದು. ಕೊಂದೋನಿಗೆ ಇನ್ನೊಂದು ಹತ್ತು ವರ್ಷ ಸೇರಿಸೋ ಬದಲು ದೂರು ಬರೆದುಕೊಳ್ಳದ ಒಬ್ಬ ಅಧಿಕಾರಿ ಆರು ತಿಂಗಳು ಜೈಲಲ್ಲಿ ಕೂತರೆ ಆ ಜಿಲ್ಲೆಯ ಅಷ್ಟೂ ಠಾಣೆಗಳಲ್ಲಿ ಪೆನ್ನು ಓಡುತ್ತೆ. ಅದಕ್ಕೆ ಅಡ್ಡ ಇರೋದೂ ಆ ಕಲಮಿನಲ್ಲೇ ಇದೆ. ಇಲಾಖಾ ವಿಚಾರಣೆ ನಡೆದು ಶಿಫಾರಸು ಬಂದ ಮೇಲೇ ಅವನ ಮೇಲೆ ಕೇಸು. ಅಂದರೆ ಅವರ ಮನೆ ಬೀಗದ ಕೈ ಅವರ ಹತ್ತಿರವೇ ಕೊಟ್ಟಿದ್ದಾರೆ. ನಾವು ಕೂಗಬೇಕಾದ ಘೋಷಣೆ ಅಲ್ಲಿದೆ.

ಎದುರು ಪಕ್ಷದ ಅತಿ ಗಟ್ಟಿ ಬಾಣಕ್ಕೂ ಉತ್ತರ ಹೇಳಬೇಕು. 'ತಡೆಯೋದೇ ಗುರಿಯಾದರೆ ನಿರಪರಾಧಿಯನ್ನ ಹಿಡಿದು ನೇಣು ಹಾಕಿದರೂ ಜನ ಹೆದರ್ತಾರಲ್ಲ? 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆ ತಂದದ್ದೂ ತಡೆಯ ಹೆಸರಲ್ಲೇ ಅಲ್ಲವಾ?' ಅಂತಾರೆ. ಈ ಪ್ರಶ್ನೆ ನಮ್ಮ ಎದೆಗೇ ತಾಗುತ್ತೆ. ಜಾತಿಜಾತಿಗಳನ್ನೇ ಕಳ್ಳರು ಅಂತ ಪಟ್ಟಿ ಮಾಡಿ, ಠಾಣೆಗೆ ಹಾಜರಿ ಹಾಕಿಸಿ, 1952ರ ತನಕ ಆ ಕಾಯ್ದೆಯಡಿ ಹಿಂಸಿಸಿದರು.

ಆದರೆ ಅದು ತಡೆಯಾ? ಯೋಚನೆ ಮಾಡಿ. 'ಈ ಕೆಲಸ ಮಾಡಿದರೆ ಶಿಕ್ಷೆ, ಮಾಡದಿದ್ದರೆ ಇಲ್ಲ' ಅನ್ನೋ ಎರಡು ದಾರಿ ಇದ್ದಾಗ ಮಾತ್ರ ಮನುಷ್ಯನ ಕೈ ಹಿಂದೆ ಸರಿಯುತ್ತೆ. ಮಾಡಿದರೂ ಹಾಜರಿ, ಮಾಡದಿದ್ದರೂ ಹಾಜರಿ ಅಂದರೆ ಅವನು ಯಾವುದರಿಂದ ಹಿಂದೆ ಸರಿಯಬೇಕು? ಹುಟ್ಟೋದರಿಂದಲೇ? ಹುಟ್ಟಿಗೆ ಕೊಡೋ ಶಿಕ್ಷೆ ಯಾರನ್ನೂ ತಡೆಯೋದಿಲ್ಲ, ತುಳಿಯುತ್ತೆ ಅಷ್ಟೇ. ನಿರಪರಾಧಿಯನ್ನ ನೇಣಿಗೆ ಹಾಕಿದಾಗ ನಿಜವಾದ ಅಪರಾಧಿ ಕಲಿಯೋ ಪಾಠ ಏನು? ತನ್ನ ಪಾಲಿನದು ಬೇರೆಯವನ ತಲೆಗೆ ಹೋಯ್ತು ಅನ್ನೋದು. ಖಾತ್ರಿ ಹೆಚ್ಚೋದಿಲ್ಲ, ಕುಸಿಯುತ್ತೆ. ಹಾಗಾಗಿ ಮಾಡಿದೋನಿಗೇ ಶಿಕ್ಷೆ, ಸಾಬೀತಾದ ಮೇಲೇ ಶಿಕ್ಷೆ, ತಡೆಗೆ ಬೇಕಾದಷ್ಟೇ ಶಿಕ್ಷೆ ಅನ್ನೋ ಮೂರು ಬೇಲಿಯೂ ತಡೆಯ ಒಳಗಿಂದಲೇ ಹುಟ್ಟುತ್ತವೆ. ಶಿಕ್ಷೆ ಅನ್ನೋದು ತಾನೇ ಒಂದು ಕೆಡುಕು, ದೊಡ್ಡ ಕೆಡುಕನ್ನ ತಪ್ಪಿಸೋದಾದರೆ ಮಾತ್ರ ಅದನ್ನ ಒಪ್ಪಬಹುದು ಅಂತ ಇಂಗ್ಲೆಂಡಿನ ಜೆರೆಮಿ ಬೆಂಥಮ್ ಹೇಳಿದ್ದು ಇದಕ್ಕೇ. ಬಾಬಾಸಾಹೇಬರು 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಮರಣದಂಡನೆಯನ್ನೇ ತೆಗೆದುಹಾಕೋದಕ್ಕೆ ತಮ್ಮ ಒಲವು ಅಂದದ್ದನ್ನೂ ಇಲ್ಲಿ ನೆನೆಯಬೇಕು. ಅಷ್ಟು ಅವಮಾನ ಉಂಡ ಮನುಷ್ಯ ಮುಯ್ಯಿ ಕೇಳಲಿಲ್ಲ.

ನಮ್ಮ ಪಕ್ಷಕ್ಕೂ ಒಂದು ಎಲ್ಲೆ ಇದೆ, ಮುಚ್ಚಿಡೋದಿಲ್ಲ. ತಡೆ ಮನಸ್ಸನ್ನ ತೊಳೆಯೋದಿಲ್ಲ. ಬಾವಿ ಹತ್ತಿರ ನಮ್ಮನ್ನ ಕಂಡು ಮುಖ ಸಿಂಡರಿಸೋನು ಶಿಕ್ಷೆಯ ಭಯಕ್ಕೆ ಒಳ್ಳೆಯವನಾಗೋದಿಲ್ಲ. ಕೈ ಎತ್ತೋದಿಲ್ಲ ಅಷ್ಟೇ. ಮನಸ್ಸು ತೊಳೆಯೋ ಕೆಲಸ ಬೇರೆ ಇದೆ. ಅದು ಮುಗಿಯೋ ತನಕ ಜೀವ ಉಳಿಯಬೇಕಲ್ಲ.

ಮಗನನ್ನ ಕಳಕೊಂಡ ತಾಯಿಗೆ ಏನು ಹೇಳ್ತೀರಿ ಅಂತಲೂ ಕೇಳ್ತಾರೆ. ಅವಳ ಸಿಟ್ಟು ತಪ್ಪು ಅಂತ ನಾವು ಹೇಳೋದಿಲ್ಲ. ಆ ಸಿಟ್ಟು ನಮ್ಮ ಹೊಟ್ಟೆಯಲ್ಲೂ ಇದೆ. ಆದರೆ ಅವಳ ಪಕ್ಕದ ಗುಡಿಸಲಲ್ಲಿ ಇನ್ನೊಬ್ಬ ತಾಯಿ ಇದ್ದಾಳೆ, ಅವಳ ಮಗ ಇನ್ನೂ ಬದುಕಿದ್ದಾನೆ. ಕಾನೂನು ಅವನ ಮುಖ ನೋಡಬೇಕು.

ಸಭೆ ಮುಗಿದ ಮೇಲೆ ಮಾಡೋ ಕೆಲಸ ಒಂದಿದೆ. ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ನಿಮ್ಮ ತಾಲೂಕಿನ ಐದು ಕೇಸುಗಳ ವಿವರ ಬರೆದು ತನ್ನಿ. ಘಟನೆ ಆದ ದಿನ, ಎಫ್‌ಐಆರ್ ಆದ ದಿನ, ಚಾರ್ಜ್‌ಶೀಟ್ ಹಾಕಿದ ದಿನ, ಎಷ್ಟು ಸಾಕ್ಷಿ ತಿರುಗಿದರು, ಅದೇ ಆರೋಪಿ ಮೇಲೆ ಹಿಂದೆ ಕೇಸು ಇತ್ತಾ. ಬರೀ ಕೇಸುಗಳ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಕೇಸು ಹೆಚ್ಚಿದರೆ ದೌರ್ಜನ್ಯ ಹೆಚ್ಚಿದೆ ಅಂತಲೇ ಅರ್ಥವಲ್ಲ, ದೂರು ಕೊಡೋ ಧೈರ್ಯ ಬಂದಿದೆ ಅಂತಲೂ ಆಗಬಹುದು. ಆ ದಿನಗಳ ನಡುವಿನ ಅಂತರ ಕಮ್ಮಿ ಆಗ್ತಾ ಬಂದಿದೆಯಾ ಅನ್ನೋದನ್ನ ನೋಡಿ. ಆ ಐದು ಕಾಗದ ಹಿಡಿದು ಜಿಲ್ಲಾಧಿಕಾರಿ ಎದುರು ಕೂರೋಣ.

ಈ ಪಕ್ಷಕ್ಕೆ ನಿಮ್ಮ ಕೈ ಎತ್ತಿ ಅಂತ ಕೇಳಿಕೊಂಡು ಕೂರ್ತೀವಿ. ಜೈಭೀಮ್.